ಒಂದು ಪಾಳಿಗೆ ಕಷ್ಟದ ಪೇಪರ್, ಇನ್ನೊಂದಕ್ಕೆ ಸುಲಭದ್ದು: ಪರ್ಸೆಂಟೈಲ್ ಹಾಕಿ ಅಂಕ ಸರಿದೂಗಿಸುವುದು ಹೇಗೆ

ದಾವಣಗೆರೆಯಲ್ಲಿ ನಾವು ಕೆಲವು ಉಪನ್ಯಾಸಕರು ಸೇರಿ ಪ್ರತಿವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಒಂದು ಸ್ಕಾಲರ್‌ಶಿಪ್ ಪರೀಕ್ಷೆ ನಡೆಸುತ್ತೇವೆ. ಕಂಪ್ಯೂಟರಿನಲ್ಲೇ ಪರೀಕ್ಷೆ. ನಮಗೆ ಸಿಗುವ ಲ್ಯಾಬಿನಲ್ಲಿ ಇರುವುದು 80 ಸಿಸ್ಟಮ್, ಹೆಸರು ಕೊಟ್ಟ ಮಕ್ಕಳು 240. ಹಾಗಾಗಿ ಮೂರು ಪಾಳಿ: ಶನಿವಾರ ಮಧ್ಯಾಹ್ನ, ಭಾನುವಾರ ಬೆಳಗ್ಗೆ, ಭಾನುವಾರ ಮಧ್ಯಾಹ್ನ. ಮೂರಕ್ಕೂ ಒಂದೇ ಪೇಪರ್ ಕೊಡಲು ಆಗುವುದಿಲ್ಲ. ಮೊದಲ ಪಾಳಿಯವರು ಹೊರಗೆ ಬಂದು ಮಂಡಕ್ಕಿ ಅಂಗಡಿ ಮುಂದೆ ನಿಂತರೆ ಸಾಕು, ಅರ್ಧ ಗಂಟೆಯಲ್ಲಿ ಪ್ರಶ್ನೆಗಳೆಲ್ಲ ಮುಂದಿನ ಪಾಳಿಯವರ ಬಾಯಲ್ಲಿರುತ್ತವೆ. ಮೂರು ಪೇಪರ್ ಮಾಡಿದರೆ ಮೂರೂ ಒಂದೇ ತೂಕದ್ದಾಗಿರುವುದಿಲ್ಲ, ಎಷ್ಟೇ ಅನುಭವ ಇರುವವರು ಕೂತು ಮಾಡಿದರೂ ಅಷ್ಟೇ.

ಜೆಇಇ ಮೇನ್ ಪರೀಕ್ಷೆಗೂ ಇದೇ ತೊಂದರೆ ಇದೆ. ಅದನ್ನು ನಡೆಸುವ ಎನ್‌ಟಿಎ 2019ರಿಂದ ಅದಕ್ಕೆ ಪರ್ಸೆಂಟೈಲ್ ಲೆಕ್ಕ ಬಳಸುತ್ತಿದೆ. ಅದೇ ಲೆಕ್ಕವನ್ನು ನಮ್ಮಂಥ ಸಣ್ಣ ಪರೀಕ್ಷೆಗೆ ಹಾಕುವುದು ಹೇಗೆ, ಅದು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಕಾಲೇಜಿನಲ್ಲಿ ಬ್ಯಾಚ್ ಬ್ಯಾಚ್ ಆಗಿ ಮಾಕ್ ಟೆಸ್ಟ್ ಮಾಡುವವರಿಗೂ ಇದು ಹಾಗೇ ಹೊಂದುತ್ತದೆ.

ಮೊದಲು ಲೆಕ್ಕ ಏನು ಹೇಳುತ್ತದೆ ನೋಡಿ

ಪರ್ಸೆಂಟೈಲ್ ಅಂದರೆ ಶೇಕಡಾ ಅಂಕ ಅಲ್ಲ. ನಿಮ್ಮ ಪಾಳಿಯಲ್ಲಿ ಪರೀಕ್ಷೆ ಬರೆದವರಲ್ಲಿ ನೂರಕ್ಕೆ ಎಷ್ಟು ಜನ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ತೆಗೆದಿದ್ದಾರೆ ಅನ್ನುವ ಸಂಖ್ಯೆ ಅದು. ನಿಮ್ಮನ್ನೂ ಸೇರಿಸಿ ಎಣಿಸಬೇಕು.

ಹತ್ತೇ ಜನ ಬರೆದ ಒಂದು ಪಾಳಿ ಇದೆ ಅಂದುಕೊಳ್ಳಿ. ಅಂಕಗಳು 71, 64, 64, 58, 52, 52, 52, 47, 40, 31. ಈಗ 58 ತೆಗೆದ ಹುಡುಗನನ್ನು ಹಿಡಿಯಿರಿ. 58 ಮತ್ತು ಅದಕ್ಕಿಂತ ಕಡಿಮೆ ಇರುವವರು ಎಷ್ಟು? ಬೆರಳಿಟ್ಟು ಎಣಿಸಿದರೆ ಏಳು ಜನ. ಹತ್ತರಲ್ಲಿ ಏಳು, ಅಂದರೆ 70 ಪರ್ಸೆಂಟೈಲ್. 64 ತೆಗೆದವರು ಇಬ್ಬರು, ಇಬ್ಬರಿಗೂ ಒಂಬತ್ತರ ಲೆಕ್ಕ, 90. 52 ತೆಗೆದ ಮೂವರಿಗೂ 60. ಮೊದಲು ಬಂದವನಿಗೆ 100, ಕೊನೆಯವನಿಗೆ ಸೊನ್ನೆ ಅಲ್ಲ, 10.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಪೇಪರ್ ಕಷ್ಟ ಇತ್ತಾ ಸುಲಭ ಇತ್ತಾ ಅಂತ ಈ ಲೆಕ್ಕ ಎಲ್ಲೂ ಕೇಳುವುದೇ ಇಲ್ಲ. ಆ ಪಾಳಿಯ ಮಕ್ಕಳ ನಡುವೆ ನೀವು ಎಲ್ಲಿ ನಿಂತಿದ್ದೀರಿ ಅಂತಷ್ಟೇ ಹೇಳುತ್ತದೆ. ಹಾಗಾದರೆ ಎರಡು ಪಾಳಿಯ ಪರ್ಸೆಂಟೈಲುಗಳನ್ನು ಒಟ್ಟಿಗೆ ಇಟ್ಟು ರ‍್ಯಾಂಕ್ ಕೊಡುವುದು ಯಾವಾಗ ಸರಿ? ಎರಡೂ ಪಾಳಿಯ ಮಕ್ಕಳು ಒಟ್ಟಾರೆ ಒಂದೇ ಮಟ್ಟದವರಾಗಿದ್ದಾಗ ಮಾತ್ರ. ಎನ್‌ಟಿಎ ಪಾಳಿಗಳಲ್ಲಿ ಸಾವಿರಾರು ಮಕ್ಕಳಿರುತ್ತಾರೆ, ಯಾರು ಯಾವ ಪಾಳಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ ಹಂಚಿಕೆಯಾಗಿರುತ್ತದೆ, ಆದ್ದರಿಂದ ಮಟ್ಟ ತಾನೇ ಸಮ ಆಗುತ್ತದೆ. 80 ಜನರ ಪಾಳಿಯಲ್ಲಿ ಅದು ತಾನೇ ಆಗುವುದಿಲ್ಲ, ನಾವೇ ಮಾಡಬೇಕು.

ಹಂತ 1: ಪಾಳಿ ಹಂಚುವುದು (ಅರ್ಧ ಕೆಲಸ ಇಲ್ಲೇ ಇದೆ)

ಮೊದಲ ವರ್ಷ ನಾನು ತಪ್ಪು ಮಾಡಿದ್ದು ಇಲ್ಲೇ. ಆಗ ಎರಡೇ ಪಾಳಿ, ತಲಾ 60 ಮಕ್ಕಳು. ಜಗಳೂರು, ಚನ್ನಗಿರಿ ಕಡೆಯ ಮಕ್ಕಳು ಬಸ್ಸಿಗೆ ಬರಬೇಕು, ಅವರಿಗೆ ಮಧ್ಯಾಹ್ನ ಕೊಡೋಣ, ಊರಲ್ಲೇ ಇರುವವರಿಗೆ ಬೆಳಗ್ಗೆ ಅಂತ ಮಾಡಿದೆ. ಒಳ್ಳೆಯ ಮನಸ್ಸಿಂದಲೇ ಮಾಡಿದ್ದು. ಆದರೆ ಊರಲ್ಲಿ ಇರುವವರ ಪೈಕಿ ಒಂದು ವಸತಿ ಶಾಲೆಯ ಮಕ್ಕಳೇ ಜಾಸ್ತಿ ಇದ್ದರು, ವರ್ಷವಿಡೀ ಇಂಥ ಟೆಸ್ಟ್ ಬರೆದು ಪಳಗಿದವರು. ಅವರ ಜೊತೆ ಬೆಳಗ್ಗೆ ಕೂತ ಒಬ್ಬಳು ಹುಡುಗಿ 57 ತೆಗೆದಿದ್ದಳು. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಅವಳ ಪಾಳಿಯಲ್ಲಿ 57 ಮತ್ತು ಅದಕ್ಕಿಂತ ಕೆಳಗೆ 38 ಜನ, ಹಾಗಾಗಿ 63.33 ಪರ್ಸೆಂಟೈಲ್. ಮಧ್ಯಾಹ್ನ 57 ತೆಗೆದ ಇನ್ನೊಬ್ಬನ ಪಾಳಿಯಲ್ಲಿ 57 ಮತ್ತು ಅದಕ್ಕಿಂತ ಕೆಳಗೆ 51 ಜನ, ಅವನಿಗೆ 85. ಅವನಿಗೆ ಸ್ಕಾಲರ್‌ಶಿಪ್ ಬಂತು, ಅವಳಿಗೆ ಬರಲಿಲ್ಲ.

ಅವಳ ಅಪ್ಪ ಬಂದು "ಸರ್, ಅಂಕ ಇಬ್ರದ್ದೂ ಒಂದೇ ಅಲ್ವಾ?" ಅಂತ ಕೇಳಿದಾಗ, ಮಧ್ಯಾಹ್ನದ ಪೇಪರ್ ಕಷ್ಟ ಇತ್ತು ಅಂತ ಹೇಳಿ ಕಳಿಸಿದೆ. ಆಮೇಲೆ ಕೂತು ಎರಡೂ ಪಾಳಿಯವರ ಎಸ್ಸೆಸ್ಸೆಲ್ಸಿ ಸರಾಸರಿ ತೆಗೆದು ನೋಡಿದರೆ ಬೆಳಗ್ಗೆಯವರದ್ದು 91, ಮಧ್ಯಾಹ್ನದವರದ್ದು 82. ಪೇಪರಿನಲ್ಲಿ ಅಂಥ ವ್ಯತ್ಯಾಸ ಇರಲೇ ಇಲ್ಲ. ಮಕ್ಕಳ ಮಟ್ಟದ ವ್ಯತ್ಯಾಸವನ್ನು ನಾನು ಪೇಪರ್ ಮೇಲೆ ಹಾಕಿದ್ದೆ. ಲೆಕ್ಕದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ, ಆದರೂ ಫಲಿತಾಂಶ ತಪ್ಪು. ಮರುವರ್ಷದಿಂದ ಹೀಗೆ ಮಾಡುತ್ತೇವೆ.

ಎಲ್ಲ 240 ಮಕ್ಕಳನ್ನು ಎಸ್ಸೆಸ್ಸೆಲ್ಸಿ ಅಂಕದ ಪ್ರಕಾರ ಮೇಲಿಂದ ಕೆಳಗೆ ಜೋಡಿಸಿ. ಮೊದಲ ಮೂವರು ಒಂದು ಗುಂಪು, ಮುಂದಿನ ಮೂವರು ಇನ್ನೊಂದು, ಹೀಗೆ 80 ಗುಂಪು. ಪ್ರತಿ ಗುಂಪಿನ ಮೂವರಲ್ಲಿ ಯಾರು ಯಾವ ಪಾಳಿಗೆ ಅಂತ ಚೀಟಿ ಎತ್ತಿದ ಹಾಗೆ ಹಂಚಿ. ಶೀಟಿನಲ್ಲಿ ಮಾಡುವುದಾದರೆ, ಹೆಸರುಗಳು 2ನೇ ಸಾಲಿನಿಂದ ಶುರುವಾಗಿವೆ ಅಂದುಕೊಂಡು, ಖಾಲಿ ಇರುವ ಎರಡು ಕಾಲಂಗಳಲ್ಲಿ ಇವನ್ನು ಹಾಕಿ ಕೆಳಗಿನವರೆಗೂ ಎಳೆಯಿರಿ:

```
=INT((ROW()-2)/3)
=RAND()
```

ಮೊದಲನೆಯದು ಗುಂಪಿನ ಸಂಖ್ಯೆ, ಎರಡನೆಯದು ಚೀಟಿ. ಈಗ ಎರಡೂ ಕಾಲಂ ಕಾಪಿ ಮಾಡಿ ಅಲ್ಲೇ ಬರೀ ಸಂಖ್ಯೆಗಳಾಗಿ ಪೇಸ್ಟ್ ಮಾಡಿ. ಇದನ್ನು ಮರೆಯಬೇಡಿ, ಯಾಕೆಂದರೆ `RAND` ಶೀಟ್ ಮುಟ್ಟಿದಾಗೆಲ್ಲ ಬದಲಾಗುತ್ತದೆ, ನಾಳೆ ಯಾರಾದರೂ ಕೇಳಿದರೆ ಹಂಚಿಕೆ ಹೇಗಾಯಿತು ಅಂತ ತೋರಿಸಲು ಏನೂ ಉಳಿದಿರುವುದಿಲ್ಲ. ಆಮೇಲೆ ಮೊದಲು ಗುಂಪು, ಅದರೊಳಗೆ ಚೀಟಿ, ಈ ಕ್ರಮದಲ್ಲಿ ಸಾರ್ಟ್ ಮಾಡಿ, ಪಾಳಿಯ ಕಾಲಮಿನಲ್ಲಿ ಇದನ್ನು ಹಾಕಿ, ಇದನ್ನೂ ಸಂಖ್ಯೆಯಾಗಿ ಪೇಸ್ಟ್ ಮಾಡಿಬಿಡಿ:

```
=MOD(ROW()-2,3)+1
```

"ಬೆಳಗ್ಗೆ ಬಸ್ ಇಲ್ಲ, ಪಾಳಿ ಬದಲಿಸಿ ಕೊಡಿ" ಅಂತ ಫೋನ್ ಬಂದೇ ಬರುತ್ತದೆ. ಕೊಡಿ, ಆದರೆ ಅದೇ ಗುಂಪಿನ ಇನ್ನೊಬ್ಬರ ಜೊತೆ ಅದಲು ಬದಲು ಮಾಡಿ ಕೊಡಿ. ಸುಮ್ನೆ ಖಾಲಿ ಜಾಗಕ್ಕೆ ಹಾಕಿದರೆ ಹಳ್ಳಿ ಮಕ್ಕಳೆಲ್ಲ ನಿಧಾನವಾಗಿ ಒಂದೇ ಪಾಳಿಗೆ ಸೇರಿಕೊಳ್ಳುತ್ತಾರೆ, ಮತ್ತೆ ನನ್ನ ಮೊದಲ ವರ್ಷದ ಕಥೆಯೇ. ನಾವು ಬೆಳಗಿನ ಪಾಳಿಯನ್ನೇ ಹತ್ತೂವರೆಗೆ ಇಟ್ಟಮೇಲೆ ಇಂಥ ಫೋನು ತುಂಬಾ ಕಡಿಮೆಯಾಯಿತು.

ಹಂತ 2: ಬರೆದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ, ಕೀ ಉತ್ತರ ಮೊದಲೇ ಗಟ್ಟಿ ಮಾಡಿ

ಈ ವರ್ಷ ಮೊದಲ ಪಾಳಿಗೆ 78 ಜನ ಬಂದರು, ಎರಡನೆಯದಕ್ಕೆ ಪೂರ್ತಿ 80, ಮೂರನೆಯದಕ್ಕೆ 74. ಭಾಗಿಸಬೇಕಾದ್ದು ಈ ಸಂಖ್ಯೆಯಿಂದ, ಹೆಸರು ಕೊಟ್ಟವರ ಸಂಖ್ಯೆಯಿಂದ ಅಲ್ಲ. ಲಾಗಿನ್ ಆಗಿ ಏನೂ ಉತ್ತರಿಸದೆ ಎದ್ದು ಹೋದವರು ಸೊನ್ನೆ ಅಂಕದವರಾಗಿ ಲೆಕ್ಕಕ್ಕೆ ಬರುತ್ತಾರೆ, ಗೈರಾದವರು ಬರುವುದಿಲ್ಲ. ಇದನ್ನು ಪರೀಕ್ಷೆಗೆ ಮುಂಚೆಯೇ ಬರೆದಿಟ್ಟುಕೊಳ್ಳಿ.

ಹಾಜರಾತಿ ಸಿಕ್ಕ ಕೂಡಲೇ, ಬಂದವರದ್ದು ಮಾತ್ರ ತೆಗೆದುಕೊಂಡು, ಪ್ರತಿ ಪಾಳಿಯ ಎಸ್ಸೆಸ್ಸೆಲ್ಸಿ ಸರಾಸರಿಯನ್ನು ಮತ್ತೊಮ್ಮೆ ನೋಡಿ. ಮೂರೂ ಒಂದು ಶೇಕಡಾದ ಒಳಗೆ ಇದ್ದರೆ ನಾನು ಮುಂದೆ ಹೋಗುತ್ತೇನೆ. ಅದಕ್ಕಿಂತ ಜಾಸ್ತಿ ಅಂತರ ಇದ್ದರೆ ಗೈರಾದವರು ಯಾರು ಅಂತ ನೋಡಬೇಕು. ಒಂದೇ ಶಾಲೆಯ ಆರು ಜನ ಜಾಣರು ಮದುವೆಗೋ ಜಾತ್ರೆಗೋ ಹೋಗಿದ್ದರೂ ಸಾಕು, ಆ ಪಾಳಿಯಲ್ಲಿ ಉಳಿದವರ ಪರ್ಸೆಂಟೈಲ್ ಎಲ್ಲ ಮೇಲೆ ಏರುತ್ತದೆ.

ಇನ್ನು ಕೀ ಉತ್ತರ. ಆಕ್ಷೇಪಣೆ ಎಲ್ಲ ಮುಗಿದ ಮೇಲೆಯೇ ಪರ್ಸೆಂಟೈಲ್ ಹಾಕಬೇಕು. ಒಂದು ಪ್ರಶ್ನೆಯ ಉತ್ತರ ಬದಲಾದರೆ ಆ ಪ್ರಶ್ನೆ ಬರೆದವರದ್ದು ಮಾತ್ರ ಅಲ್ಲ, ಅವರ ಮೇಲೆ ಕೆಳಗೆ ಇರುವವರ ಪರ್ಸೆಂಟೈಲ್ ಕೂಡ ಬದಲಾಗುತ್ತದೆ. ತಪ್ಪು ಪ್ರಶ್ನೆಗೆ ಆ ಪಾಳಿಯ ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರೆ ಬೇರೆ ಪಾಳಿಯವರಿಗೆ ಅನ್ಯಾಯ ಅಂತ ಪೋಷಕರು ಜಗಳಕ್ಕೆ ಬರುತ್ತಾರೆ. ಅದು ಹಾಗಲ್ಲ. ಎಲ್ಲರಿಗೂ ನಾಲ್ಕು ಅಂಕ ಅಂದರೆ ಆ ಪ್ರಶ್ನೆಯನ್ನು ತೆಗೆದುಹಾಕಿದ್ದಕ್ಕೆ ಸಮ, ಆ ಪಾಳಿಯೊಳಗೆ ಯಾರ ಮುಂದೆ ಯಾರು ಅನ್ನುವುದನ್ನು ಉಳಿದ ಪ್ರಶ್ನೆಗಳೇ ತೀರ್ಮಾನಿಸುತ್ತವೆ. ಪರ್ಸೆಂಟೈಲಿಗೆ ಬೇಕಾಗಿರುವುದೂ ಅಷ್ಟೇ.

ಹಂತ 3: ಪರ್ಸೆಂಟೈಲ್ ಹಾಕುವುದು

A ಕಾಲಮಿನಲ್ಲಿ ನೋಂದಣಿ ಸಂಖ್ಯೆ, B ಯಲ್ಲಿ ಪಾಳಿ, C ಯಲ್ಲಿ ಒಟ್ಟು ಅಂಕ, ಗೈರಾದವರಿಗೆ AB. D ಯಲ್ಲಿ ಇದು:

```
=IF(ISNUMBER(C2),
 100*COUNTIFS(B:B,B2,C:C,"<="&C2)
 /COUNTIFS(B:B,B2,C:C,">=-1000"),"")
```

ಮೇಲೆ ಇರುವುದು ಅದೇ ಪಾಳಿಯಲ್ಲಿ ಅಷ್ಟೇ ಅಥವಾ ಕಡಿಮೆ ಅಂಕ ತೆಗೆದವರ ಎಣಿಕೆ, ಕೆಳಗಿರುವುದು ಅದೇ ಪಾಳಿಯಲ್ಲಿ ಬರೆದವರ ಎಣಿಕೆ. `-1000` ಯಾಕೆ ಅಂದರೆ ನೆಗೆಟಿವ್ ಅಂಕ ಇರುವ ಪರೀಕ್ಷೆಯಲ್ಲಿ ಕೆಲವರ ಒಟ್ಟು ಅಂಕ ಸೊನ್ನೆಗಿಂತ ಕೆಳಗೆ ಹೋಗಿರುತ್ತದೆ, ಅವರನ್ನೂ ಬಿಡಬಾರದು, AB ಮಾತ್ರ ಬಿಡಬೇಕು.

`PERCENTRANK` ಅಂತ ರೆಡಿಮೇಡ್ ಇದೆಯಲ್ಲ, ಇಷ್ಟು ಉದ್ದ ಯಾಕೆ ಅಂತ ಕೇಳಬಹುದು. ಅದರ ಲೆಕ್ಕವೇ ಬೇರೆ. ಅದು ಕೊನೆಯವನಿಗೆ ಸೊನ್ನೆ ಕೊಡುತ್ತದೆ, ಸರಿಸಮ ಅಂಕದವರನ್ನು ಎಣಿಸುವುದಿಲ್ಲ, ಪಾಳಿ ನೋಡುವುದಿಲ್ಲ, ಮೇಲಾಗಿ ಬೇರೆ ಹೇಳದಿದ್ದರೆ ಮೂರಂಕಿಗೆ ಕತ್ತರಿಸಿಬಿಡುತ್ತದೆ. ಅರ್ಧ ಜನಕ್ಕೆ ಒಂದು ಲೆಕ್ಕ, ಇನ್ನರ್ಧಕ್ಕೆ ಇನ್ನೊಂದು ಅಂತ ಆದರೆ ಪತ್ತೆ ಹಚ್ಚುವುದು ಬಹಳ ಕಷ್ಟ.

D ಕಾಲಮಿನಲ್ಲಿ ಅಂಕ ಇರುವವರಿಗೂ ಖಾಲಿ ಬಂದರೆ, ಟೆಸ್ಟ್ ಸಾಫ್ಟ್‌ವೇರಿನಿಂದ ಬಂದ ಅಂಕಗಳು ಅಕ್ಷರಗಳಾಗಿ ಕೂತಿವೆ ಅಂತ ಅರ್ಥ, ಮೊದಲು ಸಂಖ್ಯೆಗೆ ಬದಲಿಸಿ. ಪ್ರತಿ ಪಾಳಿಯಲ್ಲೂ ಒಬ್ಬರಿಗಾದರೂ 100 ಬಂದಿರಬೇಕು, ನಡುವಿನಲ್ಲಿರುವವರಿಗೆ 50ರ ಹತ್ತಿರ ಬಂದಿರಬೇಕು. ಬಂದಿಲ್ಲ ಅಂದರೆ ಪಾಳಿಯ ಸಂಖ್ಯೆ ಎಲ್ಲೋ ತಪ್ಪಾಗಿ ಬಿದ್ದಿದೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಕಳೆಯುವ ಪರೀಕ್ಷೆಯಾದರೆ ಇನ್ನೊಂದು ಎಚ್ಚರಿಕೆ: 41.3333… ಇಂಥ ಅಂಕಗಳ ಹೋಲಿಕೆ ಶೀಟಿನಲ್ಲಿ ಕೈಕೊಡಬಹುದು, ಎಲ್ಲ ಅಂಕವನ್ನೂ ಮೂರರಿಂದ ಗುಣಿಸಿ ಪೂರ್ಣ ಸಂಖ್ಯೆ ಮಾಡಿಕೊಂಡೇ ಎಣಿಸಿ.

ವಿಷಯವಾರು ಪರ್ಸೆಂಟೈಲ್ ಬೇಕಿದ್ದರೆ ಪ್ರತಿ ವಿಷಯದ ಅಂಕಕ್ಕೂ ಬೇರೆ ಬೇರೆ ಹಾಕಿ. ಆದರೆ ಗಣಿತ, ವಿಜ್ಞಾನದ ಪರ್ಸೆಂಟೈಲ್ ಕೂಡಿಸಿ ಸರಾಸರಿ ತೆಗೆದು ಅದನ್ನೇ ಒಟ್ಟು ಪರ್ಸೆಂಟೈಲ್ ಅನ್ನಬೇಡಿ. ಒಟ್ಟಿನದು ಒಟ್ಟು ಅಂಕದಿಂದಲೇ ಬರಬೇಕು, ಎನ್‌ಟಿಎ ಮಾಡುವುದೂ ಹಾಗೆಯೇ.

ಈಗ ನಮ್ಮ ಪಟ್ಟಿಯಿಂದ ಇಬ್ಬರನ್ನು ನೋಡೋಣ. 25 ಪ್ರಶ್ನೆ, ಸರಿಗೆ 4, ತಪ್ಪಿಗೆ 1 ಕಡಿತ, ಒಟ್ಟು 100. ಮೊದಲ ಪಾಳಿಯ ಹುಡುಗನಿಗೆ 62. ಅವನ ಪಾಳಿಯಲ್ಲಿ 62 ಮತ್ತು ಕೆಳಗೆ 66 ಜನ, 78ರಲ್ಲಿ 66 ಅಂದರೆ 84.62. ಎರಡನೇ ಪಾಳಿಯ ಹುಡುಗಿಗೆ 54. ಅವಳ ಪಾಳಿಯಲ್ಲಿ 54 ಮತ್ತು ಕೆಳಗೆ 70 ಜನ, 80ರಲ್ಲಿ 70 ಅಂದರೆ 87.5. ಎಂಟು ಅಂಕ ಕಡಿಮೆ ತೆಗೆದವಳು ಮುಂದೆ. ಎಸ್ಸೆಸ್ಸೆಲ್ಸಿ ಸರಾಸರಿ ಮೂರೂ ಪಾಳಿಯಲ್ಲಿ ಸಮ ಇತ್ತು, ಆದರೂ ಎರಡನೇ ಪಾಳಿಯ ಅಂಕಗಳು ಮೇಲಿಂದ ಕೆಳಗಿನವರೆಗೂ ಇಳಿದಿದ್ದವು. ಹಾಗಾಗಿ ಈ ಸಲ ಪೇಪರೇ ಕಷ್ಟ ಇತ್ತು ಅಂತ ಧೈರ್ಯವಾಗಿ ಹೇಳಬಹುದು.

ಹಂತ 4: ಪರ್ಸೆಂಟೈಲನ್ನು ಮತ್ತೆ ಅಂಕಕ್ಕೆ ಇಳಿಸುವುದು

ಬರೀ ರ‍್ಯಾಂಕ್ ಬೇಕಿದ್ದರೆ ಈ ಹಂತ ಬೇಡ. ಆದರೆ ಈ ಪರೀಕ್ಷೆಗೆ ಅರ್ಧ, ಎಸ್ಸೆಸ್ಸೆಲ್ಸಿಗೆ ಅರ್ಧ ಅಂತ ಕೂಡಿಸುವುದಾದರೆ ಪರ್ಸೆಂಟೈಲನ್ನು ನೇರವಾಗಿ ಅಂಕದ ಜೊತೆ ಕೂಡಿಸುವಂತಿಲ್ಲ. ಒಂದು ಎಷ್ಟು ಜನ ಹಿಂದೆ ಅಂತ ಹೇಳುತ್ತದೆ, ಇನ್ನೊಂದು ಎಷ್ಟು ಬರೆದೆ ಅಂತ ಹೇಳುತ್ತದೆ. 2022ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿಗೆ ಬಳಸಿದ್ದು ಈಕ್ವಿ-ಪರ್ಸೆಂಟೈಲ್ ವಿಧಾನ. ಅದರ ಹುರುಳು ಇಷ್ಟೇ: ಈ ಪರ್ಸೆಂಟೈಲಿನ ಮಗು ಬೇರೆ ಪಾಳಿಗಳಲ್ಲಿ ಕೂತಿದ್ದರೆ ಎಷ್ಟು ಅಂಕ ಬರುತ್ತಿತ್ತು ಅಂತ ಹುಡುಕಿ, ಎಲ್ಲ ಪಾಳಿಯದ್ದನ್ನೂ ಸೇರಿಸಿ ಸರಾಸರಿ ತೆಗೆಯುವುದು.

ಆ 87.5ರ ಹುಡುಗಿಯನ್ನೇ ತೆಗೆದುಕೊಳ್ಳಿ. ಅವಳ ಪಾಳಿಯಲ್ಲಿ ಅದು 54. ಮೊದಲ ಪಾಳಿಯಲ್ಲಿ ಸರಿಯಾಗಿ 87.5 ಯಾರಿಗೂ ಬಂದಿಲ್ಲ. 63 ಅಂಕಕ್ಕೆ 87.18 ಇದೆ, 64ಕ್ಕೆ 88.46 ಇದೆ. ನಡುವಿನ ದಾರಿ 1.28, ಅದರಲ್ಲಿ ನಾವು ಹೋಗಬೇಕಾದ್ದು 0.32, ಅಂದರೆ ಕಾಲು ಭಾಗ. ಹಾಗಾಗಿ ಅಲ್ಲಿ ಅವಳ ಅಂಕ 63.25. ಮೂರನೇ ಪಾಳಿಯಲ್ಲಿ 58ಕ್ಕೆ 86.49, ಮುಂದಿನ ಅಂಕ 60ಕ್ಕೆ 87.84. ಇಲ್ಲಿ ಮುಕ್ಕಾಲು ಭಾಗ ಹೋಗಬೇಕು, ಎರಡು ಅಂಕದಲ್ಲಿ ಮುಕ್ಕಾಲು ಅಂದರೆ ಒಂದೂವರೆ, 59.5. ಈಗ 54, 63.25, 59.5 ಮೂರರ ಸರಾಸರಿ 58.92.

62ರ ಹುಡುಗನಿಗೂ ಹೀಗೇ ಮಾಡಿದರೆ ಎರಡನೇ ಪಾಳಿಯಲ್ಲಿ 51.38, ಮೂರನೆಯದರಲ್ಲಿ 56.62 ಬಂತು, ಅವನದೇ 62 ಸೇರಿಸಿ ಸರಾಸರಿ 56.67. ಎಂಟು ಅಂಕದ ಅಂತರ ತಿರುಗಿ, ಅವಳು ಎರಡೂಕಾಲು ಅಂಕ ಮುಂದೆ. ಈ ಅಂಕವನ್ನು ಎಸ್ಸೆಸ್ಸೆಲ್ಸಿ ಜೊತೆ ಕೂಡಿಸಬಹುದು. ಎಲ್ಲರದ್ದೂ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ: ಒಂದೇ ಪಾಳಿಯ ಒಳಗೆ ಹಳೆಯ ಅಂಕದ ಕ್ರಮ ಮತ್ತು ಹೊಸ ಅಂಕದ ಕ್ರಮ ಹಾಗ್ಹಾಗೇ ಇರಬೇಕು. ಒಬ್ಬರು ಹಿಂದೆ ಮುಂದೆ ಆಗಿದ್ದರೂ ನಡುವಿನ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.

ನಡುವೆ ದುಂಡಗೆ ಮಾಡಬೇಡಿ. ತೋರಿಸುವಾಗ ಎರಡು ದಶಾಂಶ ಸಾಕು, ಲೆಕ್ಕ ಮಾತ್ರ ಪೂರ್ತಿ ಸಂಖ್ಯೆಯಲ್ಲೇ ಹೋಗಲಿ. ಎನ್‌ಟಿಎ ಏಳು ದಶಾಂಶದವರೆಗೆ ಕೊಡುವುದು ಸರಿಸಮ ಬರುವವರನ್ನು ಕಡಿಮೆ ಮಾಡಲಿಕ್ಕೆ. ನಮ್ಮ 80 ಜನಕ್ಕೆ ಆ ಏಳು ದಶಾಂಶದಲ್ಲಿ ಏನೂ ಅರ್ಥ ಇಲ್ಲ.

ಮೇಲಿನ ತುದಿಯಲ್ಲಿ ಇದು ಕೈಕೊಡುತ್ತದೆ

ಸಣ್ಣ ಪಾಳಿ ಇರುವವರು ಇದನ್ನು ನಿಧಾನವಾಗಿ ಓದಿ. ಮೂರೂ ಪಾಳಿಯಲ್ಲಿ ಮೊದಲು ಬಂದವರಿಗೆ ತಲಾ 100. ಮೂವರಲ್ಲಿ ಯಾರು ಜಾಣರು ಅಂತ ಪರ್ಸೆಂಟೈಲಿಗೆ ಗೊತ್ತೇ ಇಲ್ಲ. ಎರಡನೇ ಸ್ಥಾನದವರನ್ನು ನೋಡಿ. 80 ಜನರ ಪಾಳಿಯಲ್ಲಿ 98.75, 78ರಲ್ಲಿ 98.72, 74ರಲ್ಲಿ 98.65. ಈ ವ್ಯತ್ಯಾಸ ಎಲ್ಲಿಂದ ಬಂತು? ಓದಿನಿಂದ ಅಲ್ಲ, ಆ ದಿನ ಎಷ್ಟು ಜನ ಗೈರಾದರು ಅನ್ನುವುದರಿಂದ ಬಂತು. 80 ಜನರ ಪಾಳಿಯಲ್ಲಿ ಒಂದು ಮೆಟ್ಟಿಲು ಅಂದರೆ 1.25. ಅದಕ್ಕಿಂತ ಚಿಕ್ಕ ಅಂತರವನ್ನು ನಂಬಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನುವುದು ತಪ್ಪು. ಸಾವಿರಾರು ಜನರ ಪಾಳಿಯಲ್ಲಿ ಮೆಟ್ಟಿಲು ಅಷ್ಟು ಚಿಕ್ಕದಿರುತ್ತದೆ, ಅಲ್ಲಿ ಇದು ಹೆಚ್ಚು ಕಾಡುವುದಿಲ್ಲ.

ಸರಿಸಮ ಅಂಕದವರನ್ನು ಅರ್ಧ ಮಾತ್ರ ಎಣಿಸುವ ಇನ್ನೊಂದು ಲೆಕ್ಕ ಇದೆ, ನಾನು ಅದನ್ನೂ ಹಾಕಿ ನೋಡಿದೆ. ಮೊದಲ ಸ್ಥಾನದವರು 99.38, 99.36, 99.32 ಆದರು. ಮತ್ತೆ ಗೈರುಹಾಜರಿಯೇ ಮಾತಾಡುತ್ತಿದೆ. ಸೂತ್ರ ಬದಲಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ.

ಹಾಗಾಗಿ ನಾವು ಪರ್ಸೆಂಟೈಲನ್ನು ಜರಡಿಯಾಗಿ ಮಾತ್ರ ಬಳಸುತ್ತೇವೆ. 90 ಮತ್ತು ಮೇಲೆ ಇರುವವರನ್ನು ಎರಡನೇ ಸುತ್ತಿಗೆ ಕರೆಯುತ್ತೇವೆ. 80ರ ಪಾಳಿಯಿಂದ ಒಂಬತ್ತು, 78ರಿಂದ ಎಂಟು, 74ರಿಂದ ಎಂಟು, ಗಡಿಯಲ್ಲಿ ಸರಿಸಮ ಇಲ್ಲದಿದ್ದರೆ ಒಟ್ಟು 25 ಜನ. ಗಡಿಯಿಂದ ಒಂದು ಮೆಟ್ಟಿಲು ಕೆಳಗಿರುವವರನ್ನೂ ಕರೆಯುತ್ತೇವೆ, ಲ್ಯಾಬಿನಲ್ಲಿ ಜಾಗ ಇದ್ದೇ ಇದೆ. ಅವರೆಲ್ಲರಿಗೂ ಒಂದೇ ದಿನ, ಒಂದೇ ಪಾಳಿ, ಒಂದೇ ಪೇಪರ್. ಅಲ್ಲಿ ಬಂದ ಅಂಕವೇ ಕೊನೆ, ಯಾವ ಲೆಕ್ಕವೂ ಬೇಡ.

ಎರಡನೇ ಸುತ್ತು ಮಾಡಲು ಆಗದಿದ್ದರೆ, ಸರಿಸಮ ಬಂದವರನ್ನು ಹೇಗೆ ಬೇರೆ ಮಾಡುತ್ತೀರಿ ಅಂತ ಅರ್ಜಿಯಲ್ಲೇ ಅಚ್ಚು ಹಾಕಿಸಿ. ಗಣಿತದ ಪರ್ಸೆಂಟೈಲ್ ಮೊದಲು, ಆಮೇಲೆ ವಿಜ್ಞಾನ, ಹೀಗೆ. ಫಲಿತಾಂಶ ಕೈಲಿ ಹಿಡಿದುಕೊಂಡು ನಿಯಮ ಮಾಡಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಫಲಿತಾಂಶದ ಹಾಳೆಯಲ್ಲಿ ಏನಿರಬೇಕು

ಪ್ರತಿ ಮಗುವಿಗೆ ಕೊಡುವ ಹಾಳೆಯಲ್ಲಿ ನಾವು ಐದು ಸಂಖ್ಯೆ ಹಾಕುತ್ತೇವೆ: ಪಾಳಿ, ಬಂದ ಅಂಕ, ಆ ಪಾಳಿಯಲ್ಲಿ ಬರೆದವರು, ಅಷ್ಟೇ ಅಥವಾ ಕಡಿಮೆ ತೆಗೆದವರು, ಪರ್ಸೆಂಟೈಲ್. ಮೂರನೆಯದು ಮತ್ತು ನಾಲ್ಕನೆಯದು ಇದ್ದರೆ ಮನೆಯಲ್ಲೇ ಮೊಬೈಲಿನಲ್ಲಿ ಭಾಗಿಸಿ ನೋಡಬಹುದು. ನೋಟಿಸ್ ಬೋರ್ಡಿನಲ್ಲಿ ಮೂರೂ ಪಾಳಿಯ ಎಸ್ಸೆಸ್ಸೆಲ್ಸಿ ಸರಾಸರಿ ಮತ್ತು ಹೆಸರು ತೆಗೆದ ಅಂಕಪಟ್ಟಿ ಹಾಕುತ್ತೇವೆ. ಈ ವರ್ಷ ಒಬ್ಬರು ತಾಯಿ ಬಂದು, ಮಗನ 62ಕ್ಕಿಂತ 54 ಹೇಗೆ ಮೇಲೆ ಅಂತ ಕೇಳಿದರು. ನಾನು ಏನೂ ಹೇಳಲಿಲ್ಲ, ಬೋರ್ಡಿನ ಹತ್ತಿರ ಕರೆದುಕೊಂಡು ಹೋದೆ. ಅವರೇ ಬೆರಳಿಟ್ಟು ಮೊದಲ ಪಾಳಿಯಲ್ಲಿ ಮಗನಿಗಿಂತ ಮೇಲಿರುವವರನ್ನು ಎಣಿಸಿದರು, ಹನ್ನೆರಡು. ಆಮೇಲೆ ಎರಡನೇ ಪಾಳಿಯಲ್ಲಿ 54ರ ಮೇಲಿನವರನ್ನು ಎಣಿಸಿದರು, ಹತ್ತು. "ಸರಿ, ಎರಡನೇ ಸುತ್ತು ಯಾವತ್ತು?" ಅಂತ ಕೇಳಿಕೊಂಡು ಹೋದರು. ಅವರ ಮಗ ಗಡಿಯಿಂದ ಕೆಳಗಿದ್ದ, ಅದನ್ನು ಹೇಳಬೇಕಾಯಿತು.